ಉದ್ದ ಕಥೆ, ಒಂದೇ ವಿವಾದಾಂಶ: ಕಾನೂನು ಪ್ರಶ್ನೆ ಬಿಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಪುಟ ತುಂಬುವ ಕಥೆಯಲ್ಲಿ ನಿಜವಾಗಿ ಕೇಳಿರುವುದು ಒಂದೇ ಅಂಶವೆಂದು ಹೇಗೆ ನಂಬುವುದು?

ಎಲ್ಲ ಪ್ರಶ್ನೆಗಳಿಗೂ ಈ ಮಾತು ಹೊಂದುವುದಿಲ್ಲ. ಹತ್ತಿಪ್ಪತ್ತು ಅಂಕದ ದೀರ್ಘ ಉತ್ತರದ ಪ್ರಶ್ನೆಯಲ್ಲಿ ಮೂರು ನಾಲ್ಕು ವಿವಾದಾಂಶಗಳನ್ನು ಬೇಕೆಂದೇ ಹೆಣೆದಿರುತ್ತಾರೆ. ಆದರೆ ನಾಲ್ಕು ಆಯ್ಕೆಗಳಿರುವ ಪ್ರಶ್ನೆಗೂ, ಒಂದೆರಡು ಪ್ಯಾರಾದಲ್ಲಿ ಉತ್ತರಿಸಬೇಕಾದ ಸಣ್ಣ ಪ್ರಶ್ನೆಗೂ ಒಂದೇ ಸರಿಯುತ್ತರ ಇರಬೇಕಾಗುತ್ತದೆ. ಹಾಗಿರಬೇಕಾದರೆ ಕಥೆಯಲ್ಲಿ ತೆರೆದಿರುವ ಬಾಗಿಲು ಒಂದೇ ಆಗಿರಬೇಕು. ಪ್ರಶ್ನೆ ರಚಿಸುವವರು ಮಿಕ್ಕ ಬಾಗಿಲುಗಳನ್ನು ಒಂದೊಂದು ವಾಕ್ಯ ಹಾಕಿ ಮುಚ್ಚುತ್ತಾ ಹೋಗುತ್ತಾರೆ. ಕಥೆ ಉದ್ದವಾಗುವುದು ಬಹುಪಾಲು ಈ ಕಾರಣಕ್ಕೆ.

ಇದನ್ನು ಬರೀ ಮಾತಿನಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಒಂದೇ ಕಥೆಯನ್ನು ಇಟ್ಟುಕೊಂಡು ಕೊನೆಯವರೆಗೆ ನೋಡೋಣ.

ಹಾಗಾದರೆ ಆ ಕಥೆ ಯಾವುದು?

ಕರಾರು ಕಾನೂನಿನ ಕಥೆ. ನಾನೇ ಕಟ್ಟಿದ್ದು. ನಿಧಾನವಾಗಿ ಒಮ್ಮೆ ಓದಿ.

"ಮುದ್ರಣಾಲಯವೊಂದನ್ನು 22 ವರ್ಷಗಳಿಂದ ನಡೆಸುತ್ತಿದ್ದ ಮಾಲೀಕನು ಅನಾರೋಗ್ಯದಿಂದಾಗಿ ಅದನ್ನು ಮುಚ್ಚಲು ನಿರ್ಧರಿಸಿದನು. ಸೋಮವಾರ ಅವನು ಪರಿಚಯದ ಪ್ರಕಾಶಕಿಗೆ ಇಮೇಲ್ ಕಳಿಸಿದನು: 'ನನ್ನ ಮುದ್ರಣಯಂತ್ರವನ್ನು ನಿಮಗೆ 8 ಲಕ್ಷಕ್ಕೆ ಮಾರುತ್ತೇನೆ. ಶುಕ್ರವಾರ ಸಂಜೆ ಐದರವರೆಗೆ ನಿಮ್ಮ ಉತ್ತರಕ್ಕಾಗಿ ಕಾಯುತ್ತೇನೆ.' ಪ್ರಕಾಶಕಿ ಹಿಂದೆ ಎರಡು ಬಾರಿ ಅವನಲ್ಲಿ ಪುಸ್ತಕ ಮುದ್ರಿಸಿದ್ದಳು. ಒಮ್ಮೆ ಹಣ ಕೊಡುವುದು ತಡವಾಗಿತ್ತು. ಮಂಗಳವಾರ ಅವಳು ಯಂತ್ರ ನೋಡಲು ಬಂದಾಗ, ರೋಲರ್ ಒಂದು ಸವೆದಿರುವುದನ್ನು ಮಾಲೀಕನೇ ತೋರಿಸಿದನು. ಬುಧವಾರ ಅವಳು ಹೀಗೆ ಬರೆದಳು: 'ಹಣವನ್ನು ಎರಡು ಕಂತುಗಳಲ್ಲಿ ಕೊಟ್ಟರೆ ನಿಮಗೆ ಒಪ್ಪಿಗೆಯೇ? ಇಲ್ಲವಾದರೆ ಎಷ್ಟು ದಿನ ಸಮಯ ಕೊಡಬಲ್ಲಿರಿ, ತಿಳಿಸಿ.' ಮಾಲೀಕ ಉತ್ತರಿಸಲಿಲ್ಲ. ಗುರುವಾರ ಬೆಳಿಗ್ಗೆ ಅವನು, ಈ ಯಾವ ಸಂಗತಿಯೂ ತಿಳಿಯದ ಮತ್ತೊಬ್ಬನಿಗೆ ಅದೇ ಯಂತ್ರವನ್ನು 9 ಲಕ್ಷಕ್ಕೆ ಮಾರುವ ಪತ್ರಕ್ಕೆ ಸಹಿ ಹಾಕಿದನು. ಗುರುವಾರ ಮಧ್ಯಾಹ್ನ ಮೂರಕ್ಕೆ ಪ್ರಕಾಶಕಿ 'ನೀವು ಹೇಳಿದ 8 ಲಕ್ಷವನ್ನು ಒಟ್ಟಿಗೇ ಕೊಟ್ಟು ಯಂತ್ರವನ್ನು ಕೊಳ್ಳುತ್ತೇನೆ' ಎಂದು ಇಮೇಲ್ ಮಾಡಿದಳು. ಮಾಲೀಕ ಅದನ್ನು ಆಗಲೇ ಓದಿದನು. ಸಂಜೆ ಆರಕ್ಕೆ, ಯಂತ್ರ ಮಾರಾಟವಾಗಿದೆ ಎಂದು ಅವಳಿಗೆ ಮೊದಲ ಬಾರಿ ತಿಳಿಸಿದನು. ಮಾಲೀಕನಿಗೂ ಪ್ರಕಾಶಕಿಗೂ ನಡುವೆ ಕರಾರು ಏರ್ಪಟ್ಟಿದೆಯೇ?"

ಕಥೆಯನ್ನು ಮೊದಲಿನಿಂದ ಓದಬೇಕೇ, ಕೊನೆಯ ಪ್ರಶ್ನೆಯನ್ನು ಮೊದಲು ಓದಬೇಕೇ?

ಕೊನೆಯ ವಾಕ್ಯವನ್ನು ಮೊದಲು ಓದಿ. ಇಲ್ಲಿ ಅದು ಇಬ್ಬರನ್ನು ಮಾತ್ರ ಹೆಸರಿಸಿದೆ ಮತ್ತು ಒಂದನ್ನೇ ಕೇಳಿದೆ: ಕರಾರು ಏರ್ಪಟ್ಟಿದೆಯೇ. ಯಂತ್ರ ಕೊನೆಗೆ ಯಾರ ಪಾಲಾಗುತ್ತದೆ, ನಷ್ಟ ಪರಿಹಾರ ಎಷ್ಟು, 9 ಲಕ್ಷ ಕೊಟ್ಟವನ ಗತಿಯೇನು ಎಂದು ಕೇಳಿಲ್ಲ. ಇಷ್ಟು ಗೊತ್ತಾದ ಕೂಡಲೇ ಮೂರನೆಯವನು ಕಥೆಯ ಅಂಚಿಗೆ ಸರಿಯುತ್ತಾನೆ. ಒಂದೇ ವಸ್ತುವನ್ನು ಇಬ್ಬರಿಗೆ ಮಾರಲು ಒಪ್ಪಿಕೊಂಡು ಎರಡೂ ಕರಾರುಗಳಿಗೆ ಸಿಕ್ಕಿಕೊಳ್ಳುವುದು ಸಾಧ್ಯ. ಆದ್ದರಿಂದ ಎರಡನೆಯ ಮಾರಾಟ ನಡೆದಿದೆ ಎಂದ ಮಾತ್ರಕ್ಕೆ ಮೊದಲನೆಯ ಕರಾರು ಇಲ್ಲವಾಗುವುದಿಲ್ಲ.

ಕೊನೆಯ ವಾಕ್ಯವನ್ನು ಬಿಟ್ಟು ಮೇಲಿನಿಂದ ಓದಿಕೊಂಡು ಬಂದವರು, ಏನೂ ತಿಳಿಯದ ಆ ಮೂರನೆಯವನ ಮೇಲೆ ಕನಿಕರಪಟ್ಟು ಅವನ ಬಗ್ಗೆ ಅರ್ಧ ಪುಟ ಬರೆದಿರುವುದನ್ನು ಉತ್ತರಪತ್ರಿಕೆಗಳಲ್ಲಿ ಎಷ್ಟೋ ಬಾರಿ ಕಂಡಿದ್ದೇನೆ. ಬರೆದದ್ದರಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಅದನ್ನು ಯಾರೂ ಕೇಳಿರುವುದಿಲ್ಲ. ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ, ಏಕೆಂದರೆ ಅಷ್ಟು ಓದಿಕೊಂಡವರಿಗೆ ಸರಿಯುತ್ತರವೂ ಗೊತ್ತಿರುತ್ತದೆ.

ಸರಿ, ಈ ಕಥೆಯಲ್ಲಿ ವಿವಾದಾಂಶ ಎಲ್ಲಿದೆ?

ಕರಾರು ಏರ್ಪಡಲು ಬೇಕಾದ ಮೆಟ್ಟಿಲುಗಳನ್ನು ಕ್ರಮವಾಗಿ ಮನಸ್ಸಿಗೆ ತಂದುಕೊಳ್ಳಿ: ಒಂದು ಪ್ರಸ್ತಾವ ಇರಬೇಕು, ಒಪ್ಪಿಗೆ ಬರುವ ಹೊತ್ತಿಗೆ ಆ ಪ್ರಸ್ತಾವ ಜೀವಂತವಾಗಿರಬೇಕು, ಒಪ್ಪಿಗೆ ಅದಕ್ಕೆ ತಾಳೆಯಾಗಬೇಕು ಮತ್ತು ತಲುಪಬೇಕು, ಪ್ರತಿಫಲ ಇರಬೇಕು, ಇಬ್ಬರೂ ಕರಾರು ಮಾಡಲು ಅರ್ಹರಾಗಿರಬೇಕು. ಪ್ರತಿಯೊಂದು ಮೆಟ್ಟಿಲಿನಲ್ಲೂ ನಿಂತು ಒಂದೇ ಮಾತು ಕೇಳಿಕೊಳ್ಳಿ: ಇಲ್ಲಿ ಎರಡೂ ಕಡೆಯ ವಕೀಲರು ಎದ್ದು ನಿಂತು ಗಂಭೀರವಾಗಿ ವಾದಿಸಬಲ್ಲರೇ?

ಸೋಮವಾರದ ಇಮೇಲ್ ಪ್ರಸ್ತಾವ ಹೌದೋ ಅಲ್ಲವೋ? ವಸ್ತು, ಬೆಲೆ, ಯಾರಿಗೆ, ಎಂದಿನವರೆಗೆ ಎಲ್ಲವೂ ಅದರಲ್ಲಿ ಸ್ಪಷ್ಟವಾಗಿದೆ. 'ಮಾರುತ್ತೇನೆ' ಎಂದೇ ಇದೆ. ವಾದಕ್ಕೆ ಜಾಗವಿಲ್ಲ. ಗುರುವಾರ ಮೂರು ಗಂಟೆಯ ಉತ್ತರ ಬೆಲೆಯನ್ನಾಗಲಿ ಷರತ್ತನ್ನಾಗಲಿ ಬದಲಿಸದೆ ಪ್ರಸ್ತಾವವನ್ನು ಇದ್ದ ಹಾಗೆಯೇ ಒಪ್ಪಿಕೊಂಡಿದೆ. ಮಾಲೀಕ ಅದನ್ನು ಆಗಲೇ ಓದಿದ್ದಾನೆ. ತಲುಪಿತೇ ಇಲ್ಲವೇ ಎಂಬ ಚರ್ಚೆಯೂ ಇಲ್ಲ. 8 ಲಕ್ಷಕ್ಕೆ ಯಂತ್ರ, ಯಂತ್ರಕ್ಕೆ 8 ಲಕ್ಷ: ಪ್ರತಿಫಲ ಇದೆ. 22 ವರ್ಷ ವ್ಯಾಪಾರ ನಡೆಸಿದವನು ಅಪ್ರಾಪ್ತ ವಯಸ್ಕನಲ್ಲ.

ಉಳಿದದ್ದು ಒಂದೇ ಮೆಟ್ಟಿಲು: ಗುರುವಾರ ಮೂರು ಗಂಟೆಗೆ ಪ್ರಸ್ತಾವ ಇನ್ನೂ ಜೀವಂತವಾಗಿತ್ತೇ? ಅದನ್ನು ಕೊಂದಿರಬಹುದಾದ ಘಟನೆಗಳು ಎರಡು. ಒಂದು, ಬೆಳಗಿನ ಮಾರಾಟ. ಇನ್ನೊಂದು, ಬುಧವಾರ ಪ್ರಕಾಶಕಿ ಬರೆದ ಇಮೇಲ್.

ಮಾರಾಟದಿಂದ ಪ್ರಸ್ತಾವ ಸಾಯಲಿಲ್ಲ. ಪ್ರಸ್ತಾವವನ್ನು ಹಿಂತೆಗೆದುಕೊಂಡದ್ದು ಎದುರಿನವರಿಗೆ ತಿಳಿಯುವವರೆಗೆ ಆ ಹಿಂತೆಗೆತಕ್ಕೆ ಬಲವಿಲ್ಲ ಎಂಬುದು ನೆಲೆನಿಂತ ನಿಯಮ. 1880ರ ಬರ್ನ್ ವಿರುದ್ಧ ವಾನ್ ಟೀನ್ಹೋವನ್ ಪ್ರಕರಣದಲ್ಲಿ ಪ್ರಸ್ತಾವದ ಪತ್ರ ಅಕ್ಟೋಬರ್ 1ರಂದು ಕಾರ್ಡಿಫ್‌ನಿಂದ ನ್ಯೂಯಾರ್ಕ್‌ಗೆ ಹೊರಟಿತು. ಕಳಿಸಿದವರು ಮನಸ್ಸು ಬದಲಿಸಿ 8ರಂದು ಹಿಂತೆಗೆತದ ಪತ್ರ ಹಾಕಿದರು. ಅದು ಇನ್ನೂ ದಾರಿಯಲ್ಲಿದ್ದಾಗಲೇ, 11ರಂದು ನ್ಯೂಯಾರ್ಕ್‌ನವರು ತಂತಿಯ ಮೂಲಕ ಒಪ್ಪಿಗೆ ಕಳಿಸಿದರು. ಹಿಂತೆಗೆತದ ಪತ್ರ ಅವರ ಕೈಸೇರಿದ್ದು 20ರಂದು. ಕರಾರು ಏರ್ಪಟ್ಟಿದೆ ಎಂದೇ ತೀರ್ಪಾಯಿತು. ನಮ್ಮ ಮಾಲೀಕ ಮಾರಾಟದ ವಿಷಯವನ್ನು ಪ್ರಕಾಶಕಿಗೆ ತಿಳಿಸಿದ್ದು ಸಂಜೆ ಆರಕ್ಕೆ, ಅದೂ 'ಮೊದಲ ಬಾರಿ'. ಒಪ್ಪಿಗೆ ಬಂದಿದ್ದು ಮೂರಕ್ಕೆ. ಆ ಬಾಗಿಲೂ ಮುಚ್ಚಿತು.

ಈಗ ಬುಧವಾರದ ಇಮೇಲ್. ಮಾಲೀಕನ ವಕೀಲರು ಹೇಳುತ್ತಾರೆ: "8 ಲಕ್ಷಕ್ಕೆ ಮಾರುತ್ತೇನೆ ಎಂದದ್ದಕ್ಕೆ ಅವಳು ಕಂತು ಎಂದಳು. ಇದು ಪ್ರತಿಪ್ರಸ್ತಾವ. ಪ್ರತಿಪ್ರಸ್ತಾವ ಬಂದ ಕೂಡಲೇ ಮೂಲ ಪ್ರಸ್ತಾವ ಸತ್ತಿತು. ಸತ್ತದ್ದನ್ನು ಗುರುವಾರ ಒಪ್ಪಿಕೊಳ್ಳಲು ಬರುವುದಿಲ್ಲ." ಪ್ರಕಾಶಕಿಯ ವಕೀಲರು ಹೇಳುತ್ತಾರೆ: "ಅವಳು ಕೇಳಿದ್ದು ಬರೀ ವಿವರ. ಒಪ್ಪಿಗೆಯೇ, ಇಲ್ಲವಾದರೆ ಎಷ್ಟು ಸಮಯ ಎಂದಷ್ಟೇ ವಿಚಾರಿಸಿದಳು. ಪ್ರಸ್ತಾವವನ್ನು ಅವಳು ತಳ್ಳಿಹಾಕಲೇ ಇಲ್ಲ." ಇಬ್ಬರ ಮಾತಿನಲ್ಲೂ ತೂಕವಿದೆ. ಇಡೀ ಕಥೆಯಲ್ಲಿ ಇಂಥ ಜಗ್ಗಾಟ ಇರುವ ಜಾಗ ಇದೊಂದೇ. ವಿವಾದಾಂಶ ಇದು.

ಹಾಗಾದರೆ ಉತ್ತರ ಏನು?

ಎರಡು ಹಳೆಯ ತೀರ್ಪುಗಳು ಈ ಅಂಶದ ಎರಡು ದಡಗಳಂತಿವೆ. 1840ರ ಹೈಡ್ ವಿರುದ್ಧ ರೆಂಚ್ ಪ್ರಕರಣದಲ್ಲಿ ಜಮೀನನ್ನು 1,000 ಪೌಂಡಿಗೆ ಕೊಡುವೆನೆಂದಾಗ ಕೊಳ್ಳುವವನು 950 ಪೌಂಡ್ ಕೊಡುವುದಾಗಿ ಹೇಳಿದನು. ಅದನ್ನು ಮಾರುವವನು ನಿರಾಕರಿಸಿದ ಮೇಲೆ 1,000ಕ್ಕೇ ಒಪ್ಪಿದ್ದೇನೆ ಎಂದನು. ನ್ಯಾಯಾಲಯ ಒಪ್ಪಲಿಲ್ಲ: 950 ಎಂದಾಗಲೇ ಮೂಲ ಪ್ರಸ್ತಾವ ಮುಗಿದಿತ್ತು. 1880ರ ಸ್ಟೀವನ್ಸನ್, ಜಾಕ್ಸ್ ಅಂಡ್ ಕಂಪನಿ ವಿರುದ್ಧ ಮೆಕ್ಲೀನ್ ಪ್ರಕರಣದಲ್ಲಿ ಕಬ್ಬಿಣ ಕೊಳ್ಳುವವರು, ಎರಡು ತಿಂಗಳ ಅವಧಿಯಲ್ಲಿ ಮಾಲು ಪಡೆಯುವುದಾದರೆ ಒಪ್ಪುವಿರಾ, ಇಲ್ಲದಿದ್ದರೆ ಹೆಚ್ಚೆಂದರೆ ಎಷ್ಟು ಸಮಯ ಕೊಡುವಿರಿ ಎಂದು ತಂತಿ ಕಳಿಸಿದ್ದರು. ಅದು ವಿಚಾರಣೆ ಮಾತ್ರ, ಪ್ರಸ್ತಾವ ಸಾಯಲಿಲ್ಲ, ನಂತರದ ಒಪ್ಪಿಗೆಯಿಂದ ಕರಾರು ಏರ್ಪಟ್ಟಿತು ಎಂದು ತೀರ್ಪಾಯಿತು.

ನಮ್ಮ ಪ್ರಕಾಶಕಿಯ ಮಾತುಗಳು ಎರಡನೆಯ ದಡದ ಹತ್ತಿರ ಇವೆ. 'ಒಪ್ಪಿಗೆಯೇ?' ಎಂಬ ಪ್ರಶ್ನಾರ್ಥಕ, 'ಇಲ್ಲವಾದರೆ... ತಿಳಿಸಿ' ಎಂಬ ಮಾತು ಎರಡೂ ಮೂಲ ಪ್ರಸ್ತಾವವನ್ನು ಕೈಯಲ್ಲಿ ಹಿಡಿದುಕೊಂಡೇ ಆಡಿದವು. ಆದ್ದರಿಂದ ಕರಾರು ಏರ್ಪಟ್ಟಿದೆ.

ಶುಕ್ರವಾರ ಐದರವರೆಗೆ ಎಂಬ ಮಾತು ಕಥೆಯಲ್ಲಿ ಎದ್ದು ಕಾಣುತ್ತದೆ. ಅದೇ ವಿವಾದಾಂಶ ಎಂದು ನನಗೆ ಅನ್ನಿಸಿತು. ಎಲ್ಲಿ ತಪ್ಪಿದೆ?

ಈ ಕಥೆಯಲ್ಲಿ ಎಲ್ಲರೂ ಹೆಚ್ಚಾಗಿ ಬೀಳುವ ಗುಂಡಿ ಇದೇ. ಅದಕ್ಕೆ ಕಾರಣವೂ ಇದೆ: ಆ ವಾಕ್ಯಕ್ಕೆ ಹೊಂದುವ ನಿಯಮ ಎಲ್ಲರಿಗೂ ಗೊತ್ತು. ಇಂಥ ದಿನದವರೆಗೆ ಕಾಯುತ್ತೇನೆ ಎಂಬ ಭರವಸೆಗೆ ಬೇರೆಯಾಗಿ ಪ್ರತಿಫಲ ಪಡೆದಿಲ್ಲದಿದ್ದರೆ ಸಾಮಾನ್ಯ ನಿಯಮದಂತೆ ಅದು ಕಟ್ಟಿಹಾಕುವುದಿಲ್ಲ. ಗಡುವಿಗೆ ಮುಂಚೆಯೇ ಹಿಂತೆಗೆದುಕೊಳ್ಳಬಹುದು. 1876ರ ಡಿಕಿನ್ಸನ್ ವಿರುದ್ಧ ಡಾಡ್ಸ್ ಪ್ರಕರಣವನ್ನು ಓದಿದವರಿಗೆ ಇದು ಬಾಯಿಪಾಠವಾಗಿರುತ್ತದೆ. ಗೊತ್ತಿರುವ ನಿಯಮ ಕಣ್ಣಿಗೆ ಬಿದ್ದಾಗ ಮನಸ್ಸು ಅಲ್ಲೇ ನಿಂತುಬಿಡುತ್ತದೆ.

ಆದರೆ ಮುಂದಕ್ಕೆ ಯೋಚಿಸಿ. ಮಾಲೀಕನಿಗೆ ಹಿಂತೆಗೆದುಕೊಳ್ಳುವ ಹಕ್ಕು ಇತ್ತೆಂದೇ ಇಟ್ಟುಕೊಳ್ಳೋಣ. ಮೂರು ಗಂಟೆಯೊಳಗೆ ಅವನು ಅದನ್ನು ಪ್ರಕಾಶಕಿಗೆ ತಿಳಿಸಿ ಬಳಸಿಕೊಂಡನೇ? ಇಲ್ಲ. ಹಕ್ಕು ಇದ್ದರೂ ಇಲ್ಲದಿದ್ದರೂ ಫಲಿತಾಂಶ ಒಂದೇ ಆದಾಗ, ಆ ಹಕ್ಕಿನ ಪ್ರಶ್ನೆ ಈ ಕಥೆಯ ವಿವಾದಾಂಶವಾಗಲಾರದು. ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆ ಇದು. ಒಂದು ಅಂಶವನ್ನು ಮೊದಲು ವಾದಿಯ ಪರ, ಆಮೇಲೆ ಪ್ರತಿವಾದಿಯ ಪರ ತೀರ್ಮಾನಿಸಿ ನೋಡಿ. ಕೊನೆಯ ಉತ್ತರ ಬದಲಾಗದಿದ್ದರೆ ಅದನ್ನು ಕೆಳಗಿಡಿ. ಬುಧವಾರದ ಇಮೇಲ್‌ಗೆ ಇದನ್ನೇ ಮಾಡಿ ನೋಡಿ: ವಿಚಾರಣೆ ಎಂದರೆ ಕರಾರು ಇದೆ, ಪ್ರತಿಪ್ರಸ್ತಾವ ಎಂದರೆ ಕರಾರು ಇಲ್ಲ. ಇಡೀ ಉತ್ತರ ಆ ಒಂದು ತಿರುಗಣೆಯ ಮೇಲೆ ತಿರುಗುತ್ತಿದೆ.

ಸವೆದ ರೋಲರ್, ತಡವಾದ ಹಣ, ಅನಾರೋಗ್ಯ ಇವೆಲ್ಲ ದಾರಿ ತಪ್ಪಿಸಲು ಮಾತ್ರ ಹಾಕಿದ್ದೇ?

ಎಲ್ಲವೂ ಒಂದೇ ಕೆಲಸ ಮಾಡುವುದಿಲ್ಲ. ರೋಲರ್‌ನ ವಾಕ್ಯ ಬಾಗಿಲು ಮುಚ್ಚುವ ವಾಕ್ಯ. ಮಾಲೀಕನೇ ದೋಷ ತೋರಿಸಿದ ಎಂದಿರುವುದರಿಂದ ವಂಚನೆ, ತಪ್ಪು ಹೇಳಿಕೆ ಎಂಬ ದಾರಿ ಹಿಡಿಯಲಾಗದು. 'ಆಗಲೇ ಓದಿದನು', 'ಮೊದಲ ಬಾರಿ ತಿಳಿಸಿದನು' ಎಂಬ ಮಾತುಗಳೂ ಇದೇ ಜಾತಿಯವು. ರಚಿಸುವವರು ಮುಂದೆ ಎದ್ದು ಬರಬಹುದಾದ ಆಕ್ಷೇಪಕ್ಕೆ ಮೊದಲೇ ಉತ್ತರ ಕೊಟ್ಟಿದ್ದಾರೆ. ಹೀಗೆ ಯಾರೂ ಕೇಳದಿದ್ದರೂ ಸ್ಪಷ್ಟನೆ ಕೊಡುವ ವಾಕ್ಯ ಕಂಡರೆ, ಅಲ್ಲಿ ಒಂದು ವಿವಾದವನ್ನು ತೀರಿಸಿ ಹಾಕಿದ್ದಾರೆ ಎಂದು ತಿಳಿಯಿರಿ.

ಅನಾರೋಗ್ಯ ಮತ್ತು ಹಿಂದಿನ ತಡಪಾವತಿ ಹಿನ್ನೆಲೆ ಮಾತ್ರ. ಅನಾರೋಗ್ಯವನ್ನು ನೋಡಿ ಮಾನಸಿಕ ಅಸಾಮರ್ಥ್ಯದ ನಿಯಮ ಬರೆಯಲು ಹೋಗುವವರಿದ್ದಾರೆ. ಕಥೆಯಲ್ಲಿ ಇಲ್ಲದ ಸಂಗತಿಯನ್ನು ನಾವು ಸೇರಿಸಬೇಕಾಗಿ ಬಂದರೆ ದಾರಿ ತಪ್ಪಿದ್ದೇವೆ ಎಂದೇ ಅರ್ಥ.

ಒಂದು ಸಂಗತಿ ಬದಲಾದರೆ ವಿವಾದಾಂಶವೂ ಬದಲಾಗುತ್ತದೆಯೇ?

ಹೌದು. ಬುಧವಾರದ ಇಮೇಲ್ ತೆಗೆದುಹಾಕಿ, ಅದರ ಜಾಗದಲ್ಲಿ ಈ ವಾಕ್ಯ ಸೇರಿಸಿ: "ಗುರುವಾರ ನಡುಮಧ್ಯಾಹ್ನ ಪ್ರಕಾಶಕಿಯ ಸ್ನೇಹಿತನೊಬ್ಬ, ಯಂತ್ರವನ್ನು ಬೇರೆಯವರಿಗೆ ಮಾರಿದ್ದಾರಂತೆ ಎಂದು ಅವಳಿಗೆ ಹೇಳಿದನು." ಕಂತಿನ ಚರ್ಚೆ ಪೂರ್ತಿ ಮಾಯವಾಯಿತು. ಈಗಿನ ಪ್ರಶ್ನೆ, ಹಿಂತೆಗೆತದ ಸುದ್ದಿ ಮಾಲೀಕನಿಂದಲೇ ಬರಬೇಕೇ, ಮೂರನೆಯವರ ಬಾಯಿಂದ ಬಂದರೂ ಸಾಕೇ ಎಂಬುದು. ಡಿಕಿನ್ಸನ್ ಪ್ರಕರಣ ಈಗ ನಿಜವಾಗಿ ಕೆಲಸಕ್ಕೆ ಬರುತ್ತದೆ, ಏಕೆಂದರೆ ಅಲ್ಲಿಯೂ ಕೊಳ್ಳುವವನಿಗೆ ಸುದ್ದಿ ತಿಳಿದದ್ದು ಬೇರೆಯವರಿಂದ. ಅದು ತಿಳಿದ ಮೇಲೆ ಅವನು ಒಪ್ಪಿಕೊಳ್ಳಲು ಬರುವುದಿಲ್ಲ ಎಂದು ತೀರ್ಪಾಯಿತು. ಮೂಲ ಕಥೆಯಲ್ಲಿ ಗುಂಡಿಯಾಗಿದ್ದ ತೀರ್ಪು ಬದಲಾದ ಕಥೆಯಲ್ಲಿ ಉತ್ತರವಾಯಿತು.

ನಾಲ್ಕು ಆಯ್ಕೆಗಳು ಕೊಟ್ಟಿದ್ದರೆ ಅವುಗಳಿಂದ ಏನಾದರೂ ಸುಳಿವು ಸಿಗುತ್ತದೆಯೇ?

ಸಿಗುತ್ತದೆ, ಆದರೆ ಕಥೆ ಓದಿ ನಿಮ್ಮದೇ ಊಹೆ ಕಟ್ಟಿಕೊಂಡ ಮೇಲೆ ನೋಡಿ. ನಮ್ಮ ಕಥೆಗೆ ಆಯ್ಕೆಗಳು ಹೀಗಿವೆ ಎನ್ನಿ. ಅ: ಇಲ್ಲ, ಏಕೆಂದರೆ ಯಂತ್ರ ಬೆಳಿಗ್ಗೆಯೇ ಮಾರಾಟವಾಗಿತ್ತು. ಆ: ಇಲ್ಲ, ಏಕೆಂದರೆ ಶುಕ್ರವಾರದವರೆಗೆ ಕಾಯುವ ಭರವಸೆಗೆ ಪ್ರತಿಫಲ ಇರಲಿಲ್ಲ. ಇ: ಹೌದು, ಏಕೆಂದರೆ ಬುಧವಾರದ ಇಮೇಲ್ ಪ್ರಸ್ತಾವವನ್ನು ಕೊನೆಗೊಳಿಸಲಿಲ್ಲ. ಈ: ಹೌದು, ಏಕೆಂದರೆ ಶುಕ್ರವಾರದವರೆಗೆ ಬೇರೆಯವರಿಗೆ ಮಾರುವ ಹಕ್ಕು ಮಾಲೀಕನಿಗೆ ಇರಲಿಲ್ಲ.

ಆಯ್ಕೆಯ ತೂಕವಿರುವುದು 'ಏಕೆಂದರೆ' ಎಂಬುದರ ನಂತರದ ಭಾಗದಲ್ಲಿ. 'ಆ' ಆಯ್ಕೆಯ ಕಾರಣ ಕಾನೂನಿನಂತೆ ಸರಿ. ಆದರೆ ಅದು 'ಇಲ್ಲ' ಎಂಬ ಉತ್ತರಕ್ಕೆ ತಲುಪಿಸುವುದಿಲ್ಲ. 'ಈ' ಆಯ್ಕೆಯ ಉತ್ತರ ಸರಿ, ಕಾರಣ ತಪ್ಪು. ಹೌದು ಎಂದು ಸರಿಯಾಗಿ ತೀರ್ಮಾನಿಸಿದವರೂ 'ಈ' ಮೇಲೆ ಗುರುತು ಹಾಕಿ ಅಂಕ ಕಳೆದುಕೊಳ್ಳುತ್ತಾರೆ.

ವಿವಾದಾಂಶವನ್ನು ಬರೆಯುವಾಗ ಎಷ್ಟು ಬಿಡಿಸಿ ಬರೆಯಬೇಕು?

'ಕರಾರು ಏರ್ಪಟ್ಟಿದೆಯೇ?' ಎಂದು ಬರೆದರೆ ಪ್ರಶ್ನೆಯನ್ನೇ ನಕಲು ಮಾಡಿದಂತೆ. 'ಪ್ರತಿಪ್ರಸ್ತಾವ' ಎಂದು ಒಂದೇ ಪದ ಬರೆದರೆ ಅಧ್ಯಾಯದ ಹೆಸರು ಬರೆದಂತೆ. ನಿಯಮ ಮತ್ತು ತಿರುಗಣೆಯ ಸಂಗತಿ ಎರಡೂ ಒಂದೇ ವಾಕ್ಯದಲ್ಲಿ ಕೂಡಬೇಕು: "ಕಂತುಗಳಲ್ಲಿ ಹಣ ಕೊಟ್ಟರೆ ಒಪ್ಪಿಗೆಯೇ ಎಂದು ಪ್ರಕಾಶಕಿ ಕೇಳಿದ್ದು ಮೂಲ ಪ್ರಸ್ತಾವವನ್ನು ಕೊನೆಗೊಳಿಸುವ ಪ್ರತಿಪ್ರಸ್ತಾವವೇ, ಬರೀ ವಿಚಾರಣೆಯೇ?" ಈ ವಾಕ್ಯ ಬರೆಯಲು ಆಗುತ್ತಿಲ್ಲ ಎಂದರೆ ಉತ್ತರ ಆರಂಭಿಸಬೇಡಿ, ಕಥೆಗೆ ಮರಳಿ ಹೋಗಿ.

ಎರಡು ವಿವಾದಾಂಶ ಸಮಸಮವಾಗಿ ಕಂಡರೆ?

ಎರಡಕ್ಕೂ ಮೇಲೆ ಹೇಳಿದ ಅದಲುಬದಲು ಪರೀಕ್ಷೆ ಮಾಡಿ. ಆಗಲೂ ಎರಡೂ ಉಳಿದರೆ, ಕಥೆ ಯಾವುದಕ್ಕೆ ಬಾಯಿಮಾತನ್ನು ಯಥಾವತ್ತಾಗಿ ಕೊಟ್ಟಿದೆ ನೋಡಿ. ಇಲ್ಲಿ ರೋಲರ್ ಬಗ್ಗೆ ಮಾಲೀಕ ಏನು ಹೇಳಿದನೆಂದು ಉದ್ಧರಣ ಚಿಹ್ನೆಯೊಳಗೆ ಬರೆದಿಲ್ಲ, ಬುಧವಾರದ ಇಮೇಲ್ ಅನ್ನು ಅಕ್ಷರಶಃ ಬರೆದಿದೆ. ಪದಗಳ ಆಯ್ಕೆಯೇ ಮುಖ್ಯವಾದಾಗ ಮಾತ್ರ ರಚಿಸುವವರು ಆಡಿದ ಮಾತನ್ನು ಹಾಗೆಯೇ ಕೊಡುತ್ತಾರೆ. ಸೋಮವಾರದ ಇಮೇಲ್ ಕೂಡ ಉದ್ಧರಣದಲ್ಲೇ ಇದೆ ಎನ್ನಬಹುದು. ಹೌದು, ಅದಕ್ಕೇ ಇದು ಸುಳಿವು ಮಾತ್ರ, ಅದಲುಬದಲು ಪರೀಕ್ಷೆಯ ಬದಲಿಗೆ ಬಳಸುವಂಥದ್ದಲ್ಲ.

ನಿಯಮವನ್ನು ಪ್ರಶ್ನೆಯಲ್ಲೇ ಕೊಟ್ಟಿದ್ದರೆ ಕೆಲಸ ಸುಲಭವಲ್ಲವೇ?

ಅರ್ಧ ಸುಲಭ. ಕೊಟ್ಟ ನಿಯಮದ ಪ್ರತಿಯೊಂದು ಪದವನ್ನು ಕಥೆಯ ಒಂದು ಸಂಗತಿಗೆ ಜೋಡಿಸುತ್ತಾ ಹೋಗಿ. ಯಾವ ಪದಕ್ಕೆ ಸಂಗತಿ ಸಲೀಸಾಗಿ ಕೂರುವುದಿಲ್ಲವೋ ಅಲ್ಲಿಯೇ ವಿವಾದಾಂಶ. ನಿಮಗೆ ಗೊತ್ತಿರುವ ಕಾನೂನು ಕೊಟ್ಟ ನಿಯಮಕ್ಕಿಂತ ಬೇರೆಯಾಗಿದ್ದರೂ ಕೊಟ್ಟದ್ದನ್ನೇ ಅನ್ವಯಿಸಿ.

ಇದನ್ನು ಅಭ್ಯಾಸ ಮಾಡಲು ದಾರಿ ಏನು?

ಹೊಸ ಹೊಸ ಪ್ರಶ್ನೆಗಳನ್ನು ಬಿಡಿಸುತ್ತಾ ಹೋಗುವ ಬದಲು, ಬಿಡಿಸಿ ಮುಗಿಸಿದ ಒಂದು ಪ್ರಶ್ನೆಯನ್ನು ತೆಗೆದುಕೊಂಡು ತಿರುಗಣೆಯ ವಾಕ್ಯವನ್ನು ಮಾತ್ರ ಬದಲಿಸಿ ಬರೆಯಿರಿ, ಉತ್ತರ ತಲೆಕೆಳಗಾಗುವಂತೆ. ಬುಧವಾರದ ಇಮೇಲ್ ಅನ್ನು 'ಎರಡು ಕಂತುಗಳಲ್ಲಾದರೆ ಮಾತ್ರ ಕೊಳ್ಳುತ್ತೇನೆ' ಎಂದು ಮಾಡಿದರೆ ಪ್ರಕಾಶಕಿ ಸೋಲುತ್ತಾಳೆ. ಇನ್ನು 'ಎರಡು ಕಂತುಗಳಾದರೆ ನನಗೆ ಅನುಕೂಲ' ಎಂದು ಬರೆದು ನೋಡಿ. ಅದು ಬಯಕೆಯೇ, ಷರತ್ತೇ? ಇದನ್ನು ಓದಿದ ಮಾಲೀಕನಿಗೆ, ಅವಳು 8 ಲಕ್ಷದ ಪ್ರಸ್ತಾವವನ್ನು ಕೈಬಿಟ್ಟಳು ಎಂದು ಅನ್ನಿಸುವುದು ನ್ಯಾಯವೇ? ಎರಡೂ ಕಡೆಯ ವಾದವನ್ನು ಮೂರು ಮೂರು ಸಾಲಿನಲ್ಲಿ ಬರೆದು ಒಂದು ರಾತ್ರಿ ಹಾಗೆಯೇ ಬಿಡಿ. ಬೆಳಿಗ್ಗೆ ಓದಿದಾಗ ಯಾವ ವಾದ ನಿಲ್ಲುತ್ತದೆಯೋ ಅದಕ್ಕೆ ಕಾರಣ ಯಾವ ಪದ ಎಂದು ಅಡಿಗೆರೆ ಎಳೆಯಿರಿ.